ಯುಪಿಐ ನೋಟಿಸ್ ಬಂದ್ಮೇಲೆ ಸಣ್ಣ ಹೋಟ್ಲಿನ ಲೆಕ್ಕ: 5% ಅಂದ್ರೆ ಯಾವ 5%?

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸ್ತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ಸಣ್ಣ ಹೋಟ್ಲು, ಕೊನೆಗೆ ತರಕಾರಿ ಮಾರೋರಿಗೂ ಬಂತು. 2021-22ರಿಂದ 2024-25ರವರೆಗೆ ಯುಪಿಐನಲ್ಲಿ ಬಂದ ದುಡ್ಡನ್ನ ಆಧಾರ ಇಟ್ಕೊಂಡು, ನಿಮ್ಮ ವಹಿವಾಟು ಮಿತಿ ದಾಟಿದೆ, ನೋಂದಣಿ ಯಾಕೆ ಮಾಡಿಸಿಲ್ಲ, ತೆರಿಗೆ ಯಾಕೆ ಕಟ್ಟಿಲ್ಲ ಅಂತ ಕೇಳಿದ್ರು. ಬೆಂಗಳೂರಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸೋದು ಶುರುವಾಯ್ತು, ಜುಲೈ 25ಕ್ಕೆ ಬಂದ್ ಕರೆನೂ ಬಂತು. 23ನೇ ತಾರೀಕು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಜೊತೆ ಸಭೆ ಮಾಡಿ, ನೋಂದಣಿ ಮಾಡಿಸ್ಕೊಂಡು ಮುಂದಕ್ಕೆ ತೆರಿಗೆ ಕಟ್ಟಿದ್ರೆ ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ಮೇಲೆ ಬಂದ್ ನಿಂತೋಯ್ತು.

ಆ ಗಲಾಟೆ ತಣ್ಣಗಾಗೋ ಹೊತ್ತಿಗೆ, ಸೆಪ್ಟೆಂಬರ್ 22ರಿಂದ ಜಿಎಸ್ಟಿ ದರಗಳೇ ಬದಲಾದ್ವು. ತುಪ್ಪ, ಬೆಣ್ಣೆ 12ರಿಂದ 5ಕ್ಕೆ ಇಳೀತು, ಪ್ಯಾಕೆಟ್ ಪನೀರ್‌ಗೆ ತೆರಿಗೆನೇ ಹೋಯ್ತು. ಹೋಟ್ಲು ಊಟದ ಮೇಲಿನ 5% ಮಾತ್ರ ಇದ್ದ ಹಾಗೇ ಇದೆ. ಈಗ ನೋಂದಣಿ ಮಾಡಿಸ್ಕೊಂಡಿರೋ ಎಷ್ಟೋ ಹೋಟ್ಲುಗಳ ಗಲ್ಲಾದಲ್ಲಿ ಇರೋ ಪ್ರಶ್ನೆ ಒಂದೇ: ಈ 5% ಅನ್ನೋದು ಏನು, ಖರೀದಿ ಬಿಲ್ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ ಅಂದ್ಮೇಲೆ ಆ ಬಿಲ್ಲನ್ನ ಯಾಕೆ ಇಟ್ಕೋಬೇಕು?

ಮಿತಿ 40 ಲಕ್ಷ ಅಲ್ಲ, 20 ಲಕ್ಷ

ಬರೀ ಸರಕು ಮಾರೋರಿಗೆ ಕರ್ನಾಟಕದಲ್ಲಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ. ಸೇವೆ ಕೊಡೋರಿಗೆ 20 ಲಕ್ಷ. ದಿನಸಿ ಅಂಗಡಿ ಪಕ್ಕದಲ್ಲೇ ದರ್ಶಿನಿ ಇದ್ರೆ ಇಬ್ರೂ ತಿನ್ನೋ ಪದಾರ್ಥನೇ ಮಾರ್ತಾರೆ, ಹಂಗಾಗಿ ಇಬ್ರಿಗೂ 40 ಲಕ್ಷ ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಆದ್ರೆ ಜಿಎಸ್ಟಿ ಕಾಯ್ದೆಯ ಎರಡನೇ ಅನುಸೂಚಿ ಪ್ರಕಾರ ಹೋಟ್ಲಲ್ಲಿ ಅಡುಗೆ ಮಾಡಿ ಕೊಡೋ ಊಟ-ತಿಂಡಿ ಸೇವೆ ಅಂತ ಲೆಕ್ಕ, ಕೂತು ತಿಂದ್ರೂ ಸೇವೆನೇ, ಪಾರ್ಸೆಲ್ ಕಟ್ಟಿಸ್ಕೊಂಡ್ರೂ ಸೇವೆನೇ. ಹಂಗಾಗಿ ಹೋಟ್ಲಿಗೆ 20 ಲಕ್ಷ. ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರ ಆದ್ರೆ ವರ್ಷಕ್ಕೆ 20 ಲಕ್ಷ ದಾಟೇ ಬಿಡುತ್ತೆ, ಅಂದ್ರೆ ಒಂದು ಸಾಧಾರಣ ಇಡ್ಲಿ ಹೋಟ್ಲೂ ಇದರೊಳಗೆ ಬರುತ್ತೆ.

ಈ 20 ಲಕ್ಷದ ಲೆಕ್ಕದಲ್ಲಿ ಲಾಭ ನೋಡಲ್ಲ, ಒಟ್ಟು ಮಾರಾಟ ನೋಡ್ತಾರೆ. ಒಂದೇ ಪ್ಯಾನ್ ಮೇಲೆ ಎರಡು ಹೋಟ್ಲಿದ್ರೆ ಎರಡೂ ಸೇರುತ್ತೆ. ಜೊಮ್ಯಾಟೊ, ಸ್ವಿಗ್ಗಿಯಲ್ಲಿ ಹೋದ ಊಟನೂ ಸೇರುತ್ತೆ, ತೆರಿಗೆ ಅವರೇ ಕಟ್ಟಿದ್ರೂ ಸರಿ. ತೆರಿಗೆ ಇಲ್ಲದ ಪದಾರ್ಥ ಮಾರಿದ್ರೆ ಅದೂ ಮಿತಿ ಲೆಕ್ಕಕ್ಕೆ ಸೇರುತ್ತೆ.

ಇನ್ನೊಂದು ವಿಷ್ಯ ನೋಟಿಸ್ ಬಂದಾಗ ಯಾರೂ ಸರಿಯಾಗಿ ಹೇಳಲಿಲ್ಲ. 20 ಲಕ್ಷ ದಾಟಿದ ದಿನದಿಂದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕ್ಬೇಕು, ತೆರಿಗೆ ಹೊಣೆ ಬರೋದೂ ದಾಟಿದ ಮೇಲಿನ ಮಾರಾಟಕ್ಕೆ, ಮೊದಲ ರೂಪಾಯಿಯಿಂದ ಅಲ್ಲ. ಹಂಗಾಗಿ *ಯಾವ ದಿನ ದಾಟಿತು* ಅನ್ನೋದು ದುಡ್ಡಿನ ಪ್ರಶ್ನೆ ಆಗುತ್ತೆ, ಮತ್ತೆ ಆ ದಿನ ಯಾವುದು ಅಂತ ಹೇಳೋ ದಾಖಲೆ ಹೋಟ್ಲಿನ ದಿನದ ಲೆಕ್ಕದ ಪುಸ್ತಕ ಒಂದೇ.

ಯುಪಿಐ ಮೊತ್ತನೂ ಟರ್ನೋವರೂ ಒಂದಲ್ಲ, ಎರಡೂ ಕಡೆಗೂ

ಇಲ್ಲಿ ಇಲಾಖೆ ವಾದ ಹೀಗಿದೆ: ಯುಪಿಐ ಆಗ್ಲಿ ಕ್ಯಾಶ್ ಆಗ್ಲಿ, ಮಾರಾಟ ಮಿತಿ ದಾಟಿದ್ರೆ ನೋಂದಣಿ ಕಡ್ಡಾಯ, ಯುಪಿಐ ಬರೀ ಸುಳಿವು, ಅಲ್ಲ ಅನ್ನೋದಾದ್ರೆ ದಾಖಲೆ ತಂದು ತೋರಿಸಿ. ವ್ಯಾಪಾರಿಗಳು ಹೇಳೋದು, ಒಂದೇ ನಂಬರಿಗೆ ಅಣ್ಣ ಕೊಟ್ಟ ಸಾಲನೂ ಬರುತ್ತೆ, ಚೀಟಿ ದುಡ್ಡೂ ಬರುತ್ತೆ, ಅದನ್ನೆಲ್ಲ ವ್ಯಾಪಾರ ಅಂದ್ರೆ ಹೆಂಗೆ. ಇಬ್ರ ಮಾತಲ್ಲೂ ನಿಜ ಇದೆ. ಒಂದು ಕಲ್ಪನೆಯ ಹೋಟ್ಲು ಇಟ್ಕೊಂಡು ಲೆಕ್ಕ ಹಾಕೋಣ.

ಒಂದು ವರ್ಷದಲ್ಲಿ ಈ ಹೋಟ್ಲಿನವರ ಯುಪಿಐಗೆ ಬಂದಿರೋದು 24,60,000. ಅದರಲ್ಲಿ ಸಂಬಂಧಿಕರಿಂದ ಬಂದ ಕೈಸಾಲ 2,50,000, ಚೀಟಿ ಎತ್ತಿದ್ದು 3,00,000, ತಮ್ಮದೇ ಇನ್ನೊಂದು ಅಕೌಂಟಿಂದ ಹಾಕ್ಕೊಂಡಿದ್ದು 1,80,000, ಪರಿಚಯದವರಿಗೆ ಕ್ಯಾಶ್ ಕೊಟ್ಟು ಫೋನ್‌ಗೆ ಹಾಕಿಸ್ಕೊಂಡಿದ್ದು 40,000. ಇದೆಲ್ಲ ಕಳೆದ್ರೆ ನಿಜವಾದ ಮಾರಾಟ 16,90,000. ಅಂದ್ರೆ ಮಿತಿ ದಾಟಿಲ್ಲ, ನೋಟಿಸ್ ತಪ್ಪು ಅಂತ ಇಲ್ಲಿಗೇ ನಿಲ್ಲಿಸೋರು ಬಹಳ. ಆದ್ರೆ ಗಲ್ಲಾಪೆಟ್ಟಿಗೆಗೆ ಬಂದ ಕ್ಯಾಶ್ ಎಲ್ಲಿ? ಅದು 5,50,000 ಇದ್ರೆ ಒಟ್ಟು 22,40,000 ಆಗುತ್ತೆ, ಮಿತಿ ದಾಟಿದೆ.

ದಿನದ ಪುಸ್ತಕ ಇದ್ರೆ ಫೆಬ್ರವರಿಯಲ್ಲಿ ಯಾವತ್ತೋ 20 ಲಕ್ಷ ದಾಟಿದ್ದು ಗೊತ್ತಾಗುತ್ತೆ, ಉಳಿದ 2,40,000ಕ್ಕೆ 5% ಅಂದ್ರೆ 12,000 ತೆರಿಗೆ, ಜೊತೆಗೆ ಬಡ್ಡಿ-ದಂಡ. ಪುಸ್ತಕ ಇಲ್ಲದೇ ಹೋದ್ರೆ ಇಲಾಖೆ 24,60,000ನ್ನೇ ಹಿಡ್ಕೊಂಡು ಕೂರುತ್ತೆ, ಅದು ತಪ್ಪು ಅಂತ ತೋರಿಸೋಕೆ ನಿಮ್ಮ ಕೈಯಲ್ಲಿ ಏನೂ ಇರಲ್ಲ. ಅಂದಹಾಗೆ ಕ್ಯೂಆರ್ ಕೋಡ್ ಕಿತ್ತಾಕಿದ್ರೆ ಇದ್ಯಾವುದೂ ಬದಲಾಗಲ್ಲ, ಹೋಗೋದು ಏನು ಅಂದ್ರೆ 16,90,000 ವ್ಯಾಪಾರ ಅಂತ ಬ್ಯಾಂಕೇ ಬರೆದುಕೊಟ್ಟ ಸಾಕ್ಷಿ.

ಇದಕ್ಕೆ ಪರಿಹಾರ ಸುಲಭ. ಹೋಟ್ಲಿಗೆ ಬೇರೆ ಕರೆಂಟ್ ಅಕೌಂಟ್, ಅದಕ್ಕೇ ಕ್ಯೂಆರ್, ಮನೆ ದುಡ್ಡು ಅಲ್ಲಿಗೆ ಬರಬಾರದು. ಬಂದ್ರೆ ಅದೇ ದಿನ ಪುಸ್ತಕದಲ್ಲಿ ಯಾರಿಂದ, ಯಾಕೆ ಅಂತ ಒಂದು ಸಾಲು ಬರೆದಿಡಿ.

ಪ್ರತಿ ಕಾಫಿಗೂ ಬಿಲ್ ಹಾಕ್ಬೇಕಾ?

ಬೇಡ. ನೋಂದಣಿ ಆದ್ಮೇಲೆ 15 ರೂಪಾಯಿ ಕಾಫಿಗೂ ಬಿಲ್ ಕೊಡ್ಬೇಕು ಅನ್ನೋ ಭಯದಿಂದಲೇ ನೋಂದಣಿ ಮುಂದೂಡೋರಿದ್ದಾರೆ. ಮೊತ್ತ 200 ರೂಪಾಯಿಗಿಂತ ಕಡಿಮೆ ಇದ್ದು, ಗ್ರಾಹಕರು ಜಿಎಸ್ಟಿ ನೋಂದಣಿ ಇಲ್ಲದೋರಾಗಿದ್ದು, ಅವರೇ ಬಿಲ್ ಕೇಳದೇ ಇದ್ರೆ ಪ್ರತ್ಯೇಕ ಬಿಲ್ ಕೊಡ್ಬೇಕಾಗಿಲ್ಲ. ದಿನದ ಕೊನೇಲಿ ಅಂಥ ಎಲ್ಲ ಮಾರಾಟಕ್ಕೂ ಸೇರಿಸಿ ಒಂದು ಒಟ್ಟು ಬಿಲ್ ಮಾಡಿದ್ರೆ ಸಾಕು ಅಂತ ನಿಯಮನೇ ಇದೆ. ದರ್ಶಿನಿಯಲ್ಲಿ ಟೋಕನ್ ಹರಿದುಕೊಡೋ ಪದ್ಧತಿಗೆ ಇದು ಸರಿಯಾಗಿ ಹೊಂದುತ್ತೆ. 200 ಮತ್ತು ಅದಕ್ಕಿಂತ ಜಾಸ್ತಿ ಆದ್ರೆ ಬಿಲ್ ಬೇಕೇ ಬೇಕು.

ಎಡವೋದು ಸೀರಿಯಲ್ ನಂಬರಲ್ಲಿ. ಬಿಲ್ ನಂಬರ್ ಆ ಹಣಕಾಸು ವರ್ಷದಲ್ಲಿ ಒಂದರ ಹಿಂದೆ ಒಂದು ಹೋಗ್ಬೇಕು, ಮಧ್ಯೆ ಬಿಟ್ಟುಹೋದ್ರೆ ಆ ಬಿಲ್ ಏನಾಯ್ತು ಅನ್ನೋ ಪ್ರಶ್ನೆ ಬರುತ್ತೆ. ಬಿಲ್ಲಿಂಗ್ ಮಿಶಿನ್‌ನಲ್ಲಿ ಹುಡುಗ ತಪ್ಪು ಹೊಡೆದಾಗ ಡಿಲೀಟ್ ಮಾಡೋದಲ್ಲ, ಕ್ಯಾನ್ಸಲ್ ಅಂತ ಉಳಿಸ್ಕೋಬೇಕು. ರಾತ್ರಿ ಮಿಶಿನ್ ಒಟ್ಟು, ಗಲ್ಲಾದ ಕ್ಯಾಶ್, ಯುಪಿಐ ಒಟ್ಟು ಮೂರನ್ನೂ ಒಂದೇ ಸಾಲಲ್ಲಿ ಬರೆದಿಟ್ರೆ ವ್ಯತ್ಯಾಸ ಅವತ್ತೇ ಕಾಣುತ್ತೆ, ಮೂರು ತಿಂಗಳಾದ್ಮೇಲೆ ಆಡಿಟರ್ ಆಫೀಸಲ್ಲಿ ಕೂತು ಹುಡುಕಿದ್ರೆ ಯಾರಿಗೂ ನೆನಪಿರಲ್ಲ.

ಎರಡು ಥರದ 5%

ಗೊಂದಲದ ಮೂಲ ಇರೋದೇ ಇಲ್ಲಿ. ಸಣ್ಣ ಹೋಟ್ಲಿಗೆ ಎರಡು ದಾರಿ ಇದೆ, ಎರಡರಲ್ಲೂ ದರ 5%, ಆದ್ರೆ ಎರಡೂ ಬೇರೆ ಬೇರೆ.

ಒಂದು ಕಾಂಪೊಸಿಷನ್. ಹಿಂದಿನ ವರ್ಷದ ವಹಿವಾಟು 1.5 ಕೋಟಿ ಒಳಗಿದ್ದು, ಮದ್ಯ ಮಾರದೇ ಇರೋ ಹೋಟ್ಲು ಇದಕ್ಕೆ ಹೋಗ್ಬಹುದು. ಒಟ್ಟು ಮಾರಾಟದ 5% ಕೈಯಿಂದ ಕಟ್ಬೇಕು. ಗ್ರಾಹಕರ ಹತ್ರ ಜಿಎಸ್ಟಿ ಅಂತ ಒಂದು ಪೈಸೆನೂ ತಗೊಳ್ಳೋ ಹಾಗಿಲ್ಲ, ತೆರಿಗೆ ಬಿಲ್ಲೂ ಕೊಡೋ ಹಾಗಿಲ್ಲ, ಕೊಡೋದು ಬಿಲ್ ಆಫ್ ಸಪ್ಲೈ, ಅದರ ಮೇಲೆ ತಾವು ಕಾಂಪೊಸಿಷನ್‌ನಲ್ಲಿದ್ದೀವಿ, ತೆರಿಗೆ ವಸೂಲಿ ಮಾಡೋ ಹಾಗಿಲ್ಲ ಅಂತ ಬರೆದಿರ್ಬೇಕು. ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟೋ CMP-08 ಫಾರಂ, ವರ್ಷಕ್ಕೊಂದು GSTR-4 ರಿಟರ್ನ್, ಅಷ್ಟೇ.

ಇನ್ನೊಂದು ರೆಗ್ಯುಲರ್. ಇದರಲ್ಲಿ ಬಿಲ್ ಮೇಲೆ 2.5% ಸಿಜಿಎಸ್ಟಿ, 2.5% ಎಸ್‌ಜಿಎಸ್ಟಿ ಅಂತ ಹಾಕಿ ಗ್ರಾಹಕರ ಹತ್ರ ತಗೊಂಡು ಸರ್ಕಾರಕ್ಕೆ ಕಟ್ತೀರಿ. ಮಾರಾಟದ ವಿವರಕ್ಕೆ GSTR-1, ತೆರಿಗೆ ಲೆಕ್ಕಕ್ಕೆ GSTR-3B ಅಂತ ಎರಡು ರಿಟರ್ನ್ ಸಲ್ಲಿಸ್ಬೇಕು. ಆದ್ರೆ ಇನ್‌ಪುಟ್ ಕ್ರೆಡಿಟ್, ಅಂದ್ರೆ ಖರೀದಿ ಮೇಲೆ ಕಟ್ಟಿದ ತೆರಿಗೆಯನ್ನ ಮಾರಾಟದ ತೆರಿಗೆಯಲ್ಲಿ ಕಳೆಯೋ ಅವಕಾಶ, ಇದರಲ್ಲೂ ಇಲ್ಲ. ಉಳಿದ ವ್ಯಾಪಾರದಲ್ಲಿ ರೆಗ್ಯುಲರ್ ಅಂದ್ರೆ ಕ್ರೆಡಿಟ್ ಸಿಗುತ್ತೆ ಅಂತ ಅರ್ಥ, ಹೋಟ್ಲಲ್ಲಿ ಮಾತ್ರ ಹಂಗಲ್ಲ. ಈ ಒಂದು ವ್ಯತ್ಯಾಸದಿಂದ ಆಗೋ ತಪ್ಪುಗಳೇ ಜಾಸ್ತಿ, ಅದಕ್ಕೆ ಮುಂದೆ ಬರ್ತೀನಿ.

ಯಾವುದು ಲಾಭ? ವರ್ಷಕ್ಕೆ ಗ್ರಾಹಕರಿಂದ ಬರೋ ದುಡ್ಡು 42 ಲಕ್ಷ ಅಂತ ಇಟ್ಕೊಳ್ಳಿ. ಪಕ್ಕದ ಹೋಟ್ಲಿನ ಪೈಪೋಟಿ ಇದೆ, ಮೆನು ಬೆಲೆ ಮೇಲೆ ಜಿಎಸ್ಟಿ ಅಂತ ಸೇರಿಸೋಕಾಗಲ್ಲ, ಮಸಾಲೆ ದೋಸೆ ಬೋರ್ಡಲ್ಲಿ ಬರೆದ ಬೆಲೆಗೇ ಕೊಡ್ಬೇಕು. ಕಾಂಪೊಸಿಷನ್‌ನಲ್ಲಿ ಇಡೀ 42 ಲಕ್ಷದ ಮೇಲೆ 5%, ಅಂದ್ರೆ 2,10,000. ರೆಗ್ಯುಲರ್‌ನಲ್ಲಿ ಆ 42 ಲಕ್ಷದ ಒಳಗೇ ತೆರಿಗೆ ಸೇರಿದೆ ಅಂತ ಲೆಕ್ಕ, ಮಾರಾಟ 40 ಲಕ್ಷ, ತೆರಿಗೆ 2,00,000. ಇಷ್ಟೇ ನೋಡಿದ್ರೆ ರೆಗ್ಯುಲರ್ 10,000 ಕಡಿಮೆ ಅನ್ನಿಸುತ್ತೆ. ಗ್ರಾಹಕರ ಹತ್ರ 5% ಮೇಲೆ ಹಾಕಿ ತಗೊಳ್ಳೋ ಥರದ ಹೋಟ್ಲಾದ್ರೆ ತೆರಿಗೆ ಕೈಯಿಂದ ಹೋಗೋದೇ ಇಲ್ಲ. ಆದ್ರೆ ಲೆಕ್ಕ ಇಲ್ಲಿಗೆ ಮುಗಿಯಲ್ಲ, ಬಾಡಿಗೆ ಇನ್ನೂ ಬಂದಿಲ್ಲ.

ಬಾಡಿಗೆ ಮೇಲಿನ 18%, ಯಾರೂ ಬಿಲ್ ಕೊಡದ ತೆರಿಗೆ

ಹೋಟ್ಲು ನಡೆಯೋ ಕಟ್ಟಡದ ಮಾಲೀಕರು ಬಹಳ ಸಲ ಜಿಎಸ್ಟಿ ನೋಂದಣಿ ಇಲ್ಲದ ಯಾರೋ ನಿವೃತ್ತರು, ಮನೆ ಕೆಳಗೆ ಎರಡು ಮಳಿಗೆ ಕಟ್ಟಿಸಿರೋರು. ಅವರು ಬಾಡಿಗೆ ಮೇಲೆ ತೆರಿಗೆ ಕೇಳಲ್ಲ. ಆದ್ರೆ 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಮಾಲೀಕರಿಂದ ವಾಣಿಜ್ಯ ಕಟ್ಟಡ ಬಾಡಿಗೆಗೆ ತಗೊಂಡ ನೋಂದಾಯಿತ ಬಾಡಿಗೆದಾರರೇ ಆ ಬಾಡಿಗೆ ಮೇಲೆ 18% ಜಿಎಸ್ಟಿ ಕಟ್ಬೇಕು. ಇದಕ್ಕೆ ರಿವರ್ಸ್ ಚಾರ್ಜ್ ಅಂತಾರೆ, ಅಂದ್ರೆ ಮಾರೋರ ಬದಲು ತಗೊಳ್ಳೋರೇ ಕಟ್ಟೋದು. ಕಾಂಪೊಸಿಷನ್‌ನಲ್ಲಿ ಇರೋರು ಇದನ್ನ ವಿರೋಧಿಸಿದ್ಮೇಲೆ 2025ರ ಜನವರಿ 16ರಿಂದ ಅವರನ್ನ ಬಿಟ್ರು. ರೆಗ್ಯುಲರ್‌ನವರಿಗೆ ಬಿಟ್ಟಿಲ್ಲ.

ನಮ್ಮ ಉದಾಹರಣೆ ಹೋಟ್ಲಿನ ಬಾಡಿಗೆ ತಿಂಗಳಿಗೆ 30,000 ಅಂದ್ರೆ ವರ್ಷಕ್ಕೆ 3,60,000, ಅದಕ್ಕೆ 18% ಅಂದ್ರೆ 64,800. ಬೇರೆ ವ್ಯಾಪಾರದವರು ಇದನ್ನ ಕಟ್ಟಿ ಕ್ರೆಡಿಟ್ ತಗೊಂಡು ಸರಿಮಾಡ್ಕೋತಾರೆ, ಹೋಟ್ಲಿನವರಿಗೆ ಕ್ರೆಡಿಟ್ ಇಲ್ಲದೇ ಇರೋದ್ರಿಂದ ಇದು ಪೂರ್ತಿ ಖರ್ಚು. ಈಗ ಮತ್ತೆ ಕೂಡಿಸಿ: ರೆಗ್ಯುಲರ್ 2,00,000 ಪ್ಲಸ್ 64,800 ಅಂದ್ರೆ 2,64,800, ಕಾಂಪೊಸಿಷನ್ 2,10,000. ವರ್ಷಕ್ಕೆ 54,800 ವ್ಯತ್ಯಾಸ ಬರೀ ಮಾಲೀಕರಿಗೆ ನೋಂದಣಿ ಇದೆಯೋ ಇಲ್ವೋ ಅನ್ನೋದ್ರಿಂದ. ಮಾಲೀಕರು ನೋಂದಣಿ ಇದ್ದು ಅವರೇ 18% ಸೇರಿಸಿ ಬಿಲ್ ಕೊಡ್ತಿದ್ರೆ ಎರಡೂ ದಾರಿಯಲ್ಲಿ ಆ ದುಡ್ಡು ಹೋಗೇ ಹೋಗುತ್ತೆ, ಆಗ ಲೆಕ್ಕ ಮತ್ತೆ ತಿರುಗುತ್ತೆ. ಹಂಗಾಗಿ ಯಾವ ದಾರಿ ಅಂತ ಆಡಿಟರ್ ಹತ್ರ ಕೇಳೋಕೆ ಮುಂಚೆ ಬಾಡಿಗೆ ಕರಾರು ತೆಗೆದು ನೋಡೋದು ಒಳ್ಳೇದು.

ಈ ತೆರಿಗೆ ತಪ್ಪಿಹೋಗೋಕೆ ಕಾರಣ ಇದೆ. ಮಾಲೀಕರು ನೋಂದಣಿ ಇಲ್ಲದೋರು, ಹಂಗಾಗಿ ಅವರ ಕಡೆಯಿಂದ ಜಿಎಸ್ಟಿ ಪೋರ್ಟಲ್‌ಗೆ ಏನೂ ಬರಲ್ಲ, ನಿಮ್ಮ ಖರೀದಿಗಳನ್ನ ಪೋರ್ಟಲ್ ತಾನಾಗೇ ತೋರಿಸೋ GSTR-2B ಪಟ್ಟಿಯಲ್ಲಿ ಬಾಡಿಗೆ ಕಾಣೋದೇ ಇಲ್ಲ. ಹೋಟ್ಲಿನವರೇ ತಮ್ಮ ಹೆಸರಿಗೆ ತಾವೇ ಒಂದು ಇನ್‌ವಾಯ್ಸ್ ಬರೆದು, GSTR-3Bಯ 3.1(d)ಯಲ್ಲಿ ತೋರಿಸಿ, ದುಡ್ಡಲ್ಲೇ ಕಟ್ಬೇಕು. ನಾವೇ ಬರೀಬೇಕು, ನಾವೇ ನೆನಪಿಟ್ಕೋಬೇಕು, ಜ್ಞಾಪಿಸೋರು ಯಾರೂ ಇಲ್ಲ. ಆದ್ರೆ ಇನ್‌ಕಂ ಟ್ಯಾಕ್ಸ್ ಲೆಕ್ಕದಲ್ಲಿ 3,60,000 ಬಾಡಿಗೆ ಖರ್ಚು ಅಂತ ತೋರಿಸಿರ್ತೀರಿ, ಎರಡನ್ನೂ ಪಕ್ಕ ಪಕ್ಕ ಇಟ್ಟ ದಿನ ಬಿಟ್ಟಿದ್ದು ಕಾಣುತ್ತೆ.

ಪೋರ್ಟಲ್‌ನಲ್ಲಿ ಕಾಣೋ ಕ್ರೆಡಿಟ್ ನಿಮ್ಮದಲ್ಲ

ರೆಗ್ಯುಲರ್ ಹೋಟ್ಲಿಗೆ ಆಗೋ ದೊಡ್ಡ ಅನಾಹುತ ಇದು, ಅದೂ ಯಾರೂ ಮೋಸ ಮಾಡ್ಬೇಕು ಅಂದ್ಕೊಳ್ಳದೇ ಆಗೋದು. ಗ್ಯಾಸ್ ಏಜೆನ್ಸಿ, ಎಣ್ಣೆ ಡೀಲರ್, ಫ್ರಿಜ್ ಅಂಗಡಿ ಎಲ್ರೂ ನಿಮ್ಮ ಜಿಎಸ್ಟಿ ನಂಬರ್ ಹಾಕಿ ಬಿಲ್ ಮಾಡಿರ್ತಾರೆ, ಅವರು ರಿಟರ್ನ್ ಸಲ್ಲಿಸಿದ ತಕ್ಷಣ ಆ ತೆರಿಗೆ ನಿಮ್ಮ GSTR-2Bಗೆ ಬಂದು ಕೂರುತ್ತೆ, ಅಲ್ಲಿಂದ GSTR-3Bಯ 4(A)(5)ಗೆ ತಾನಾಗೇ ತುಂಬ್ಕೊಳುತ್ತೆ. ನೀವು ಹೋಟ್ಲಿನವರು, 5% ದರದವರು ಅಂತ ಪೋರ್ಟಲ್ಲಿಗೆ ಗೊತ್ತಿಲ್ಲ.

ಅದೇ ಹೋಟ್ಲಿನ ಒಂದು ಮೂರು ತಿಂಗಳು ನೋಡೋಣ. ಮಾರಾಟ 10 ಲಕ್ಷ, ಕಟ್ಬೇಕಾದ ತೆರಿಗೆ 50,000. ಕಮರ್ಷಿಯಲ್ ಗ್ಯಾಸ್ 90,000ಕ್ಕೆ 18% ಅಂದ್ರೆ 16,200. ಎಣ್ಣೆ, ತುಪ್ಪ, ಮಸಾಲೆ 1,60,000ಕ್ಕೆ 5% ಅಂದ್ರೆ 8,000. ಹೊಸ ಫ್ರಿಜ್ 60,000ಕ್ಕೆ 18% ಅಂದ್ರೆ 10,800. ಒಟ್ಟು 35,000 ಕ್ರೆಡಿಟ್ ಪೋರ್ಟಲ್‌ನಲ್ಲಿ ಕಾಣ್ತಿದೆ. ಹೊಸದಾಗಿ ಸೇರಿದ ಹುಡುಗ ರಿಟರ್ನ್ ಹಾಕ್ತಾನೆ, ಬಟನ್ ಒತ್ತುತ್ತಾನೆ, 35,000 ಕಳೆದು 15,000 ಕಟ್ಟಿದ್ರೆ ಸಾಕು ಅಂತ ಬರುತ್ತೆ, ಹೋಟ್ಲಿನವರಿಗೂ ಖುಷಿ.

ಎರಡು ವರ್ಷ ಆದ್ಮೇಲೆ ಇಲಾಖೆಯವರು ಇವರು ಹೋಟ್ಲು, 5%ನಲ್ಲಿದ್ದಾರೆ, ಕ್ರೆಡಿಟ್ ಹೆಂಗೆ ಬಳಸಿದ್ರು ಅಂತ ನೋಡ್ತಾರೆ. 35,000 ವಾಪಸ್ ಕಟ್ಬೇಕು, ಅದಕ್ಕೆ ವರ್ಷಕ್ಕೆ 18% ಬಡ್ಡಿ ಅಂದ್ರೆ 12,600, ಒಟ್ಟು 47,600. ಮೋಸ ಇಲ್ಲದ ಪ್ರಕರಣ ಅಂತಾದ್ರೂ ದಂಡ ತೆರಿಗೆಯ 10% ಅಥವಾ 10,000, ಎರಡರಲ್ಲಿ ಯಾವುದು ಜಾಸ್ತಿನೋ ಅದು. 2024-25 ಮತ್ತು ಆಮೇಲಿನ ವರ್ಷಗಳಿಗೆ ನೋಟಿಸ್ ಬಂದು 60 ದಿನದೊಳಗೆ ತೆರಿಗೆ, ಬಡ್ಡಿ ಎರಡೂ ಕಟ್ಟಿಬಿಟ್ರೆ ಈ ದಂಡ ಇಲ್ಲ. ಇದು ಒಂದು ಮೂರು ತಿಂಗಳ ಕಥೆ, ಎಂಟು ಸಲ ಹಂಗೇ ಮಾಡಿದ್ರೆ ಎಷ್ಟಾಗುತ್ತೆ ನೋಡಿ.

ತಪ್ಪಾಗಿದೆಯಾ ಅಂತ ಗೊತ್ತಾಗೋದು ಸುಲಭ. ನಿಮ್ಮ ಹಳೇ GSTR-3B ತೆಗೆದು 6.1ನೇ ಪಟ್ಟಿ ನೋಡಿ, ಊಟದ ತೆರಿಗೆ ಪೂರ್ತಿ ಕ್ಯಾಶ್ ಕಾಲಂನಲ್ಲಿ ಕಟ್ಟಿರ್ಬೇಕು. ಕ್ರೆಡಿಟ್ ಕಾಲಂನಲ್ಲಿ ಸಂಖ್ಯೆ ಇದ್ರೆ, ಹೋಟ್ಲು ಬಿಟ್ಟು ಬೇರೆ ವ್ಯಾಪಾರ ಇಲ್ಲದೋರಾದ್ರೆ, ಅವತ್ತೇ ಆಡಿಟರ್ ಹತ್ರ ಹೋಗಿ. ನೋಟಿಸ್ ಬರೋಕೆ ಮುಂಚೆ ತಾವಾಗೇ ಬಡ್ಡಿ ಸಮೇತ ಕಟ್ಟೋಕೆ DRC-03 ಅಂತ ಫಾರಂ ಇದೆ.

ಇನ್ನು ಮುಂದೆ ಹೇಗೆ? 4(A)(5)ಯಲ್ಲಿ ಬಂದ ಕ್ರೆಡಿಟ್ ಪೂರ್ತಿ 4(B)(1)ರಲ್ಲಿ ರಿವರ್ಸ್ ಮಾಡ್ಬೇಕು. ಪಕ್ಕದ 4(B)(2)ರಲ್ಲಿ ಹಾಕ್ಬೇಡಿ, ಅದು ಮುಂದೆ ಮತ್ತೆ ತಗೊಳ್ಳಬಹುದಾದ ಕ್ರೆಡಿಟ್‌ಗೆ ಇರೋ ಜಾಗ, ಅಲ್ಲಿ ಹಾಕಿದ್ರೆ ಪೋರ್ಟಲ್ ಅದನ್ನ ಬಾಕಿ ಅಂತ ಇಟ್ಕೊಂಡಿರುತ್ತೆ, ಇನ್ಯಾರೋ ಒಂದು ದಿನ ಗೊತ್ತಿಲ್ಲದೇ ವಾಪಸ್ ತಗೊಂಡು ಬಿಡ್ತಾರೆ.

ಹೋಟ್ಲಿನ ಪಕ್ಕದಲ್ಲೇ ಪ್ಯಾಕೆಟ್ ತಿಂಡಿ, ಚಾಕೊಲೇಟ್ ತಂದು ಮಾರೋ ಕೌಂಟರ್ ಇದ್ರೆ ಅದು ಸರಕು ಮಾರಾಟ, ಆ ಖರೀದಿಯ ಕ್ರೆಡಿಟ್ ರೆಗ್ಯುಲರ್‌ನವರಿಗೆ ಸಿಗುತ್ತೆ. ಆದ್ರೆ ಅದರ ಖರೀದಿ ಬಿಲ್, ಮಾರಾಟ ಎರಡೂ ಬೇರೆ ಇಟ್ಟಿರ್ಬೇಕು, ಬಾಡಿಗೆ ಥರ ಎರಡಕ್ಕೂ ಸೇರಿದ ಖರ್ಚಿನ ಕ್ರೆಡಿಟ್ ಮಾರಾಟದ ಅನುಪಾತದಲ್ಲಿ ಹಂಚ್ಬೇಕು. ಹಂಚೋಕೆ ಪುಸ್ತಕ ಇಲ್ಲ ಅಂದ್ರೆ ಆ ಕ್ರೆಡಿಟ್ ಮುಟ್ಟದಿರೋದೇ ವಾಸಿ.

ಆ್ಯಪ್‌ನಲ್ಲಿ ಹೋದ ಊಟ

2022ರ ಜನವರಿ 1ರಿಂದ ಸ್ವಿಗ್ಗಿ, ಜೊಮ್ಯಾಟೊ ಥರದ ಆ್ಯಪ್‌ಗಳಲ್ಲಿ ಮಾರಿದ ಹೋಟ್ಲು ಊಟದ 5%ನ್ನ ಆ್ಯಪ್ ಕಂಪನಿಯೇ ಕಟ್ಟುತ್ತೆ. ರೆಗ್ಯುಲರ್ ಹೋಟ್ಲಿನವರು ಅದನ್ನ GSTR-3Bಯ 3.1.1(ii)ರಲ್ಲಿ ಬರೀ ತೋರಿಸ್ಬೇಕು, ತೆರಿಗೆ ಕಟ್ಟೋ ಹಾಗಿಲ್ಲ. ಇಲ್ಲಿ ಎರಡು ಥರ ತಪ್ಪು ಆಗುತ್ತೆ. ಕೆಲವರು ಅದನ್ನೂ ಸಾಮಾನ್ಯ ಮಾರಾಟಕ್ಕೆ ಸೇರಿಸಿ ಎರಡನೇ ಸಲ ತೆರಿಗೆ ಕಟ್ತಾರೆ. ಇನ್ನು ಕೆಲವರು ಬ್ಯಾಂಕಿಗೆ ಬಂದಷ್ಟನ್ನೇ ಮಾರಾಟ ಅಂತ ಬರೀತಾರೆ. 500 ರೂಪಾಯಿ ಊಟಕ್ಕೆ ಕಮಿಷನ್ 100, ಆ ಕಮಿಷನ್ ಮೇಲೆ 18% ಅಂದ್ರೆ 18 ಕಳೆದು 382 ಬಂದ್ರೆ, ಮಾರಾಟ 500, ಖರ್ಚು 118, ಹೀಗೇ ಬರೀಬೇಕು. ಆ್ಯಪ್ ಕೊಡೋ ವಾರದ ಸ್ಟೇಟ್‌ಮೆಂಟ್ ಇಳಿಸಿ ಇಟ್ಕೊಳ್ದೇ ಇದ್ರೆ 382ರಿಂದ 500ಕ್ಕೆ ವಾಪಸ್ ಹೋಗೋ ದಾರಿ ಇಲ್ಲ.

ಕ್ರೆಡಿಟ್ ಯಾಕೆ ಕಿತ್ಕೊಂಡ್ರು, ಹೋಟ್ಲಿನವರು ಏನಂತಾರೆ

ಜಿಎಸ್ಟಿ ಶುರುವಾದ 2017ರ ಜುಲೈನಲ್ಲಿ ಎಸಿ ಇಲ್ಲದ ಹೋಟ್ಲಿಗೆ 12%, ಎಸಿ ಇದ್ರೆ 18% ಇತ್ತು, ಕ್ರೆಡಿಟ್ ಸಿಗ್ತಿತ್ತು. ನವೆಂಬರ್‌ನಲ್ಲಿ ಗುವಾಹಟಿಯಲ್ಲಿ ಸೇರಿದ ಜಿಎಸ್ಟಿ ಕೌನ್ಸಿಲ್, ಕ್ರೆಡಿಟ್ ಸಿಕ್ಕಿದ ಲಾಭನ ಹೋಟ್ಲುಗಳು ಗ್ರಾಹಕರಿಗೆ ಬೆಲೆ ಇಳಿಸಿ ಕೊಡ್ತಿಲ್ಲ ಅಂತ ಹೇಳಿ, ದರ 5%ಗೆ ಇಳಿಸಿ ಕ್ರೆಡಿಟ್ ತೆಗೆದುಹಾಕ್ತು. ನವೆಂಬರ್ 15ರಿಂದ ಜಾರಿ. ಇವತ್ತಿಗೂ ಅದೇ ನಡೀತಿದೆ.

ಇದರ ಪರವಾಗಿ ಹೇಳೋರ ಮಾತು: ಇಡ್ಲಿ ಅಂಗಡಿಯವರು ಅಕ್ಕಿ, ಬೇಳೆ, ತರಕಾರಿ, ಹಾಲು ಅಂತ ತಗೊಳ್ಳೋದ್ರಲ್ಲಿ ಬಹಳಷ್ಟಕ್ಕೆ ತೆರಿಗೆ ಇಲ್ಲ ಅಥವಾ ಬಹಳ ಕಡಿಮೆ, ಕ್ರೆಡಿಟ್ ಕೊಟ್ರೂ ಸಿಗೋದು ಅಷ್ಟಕ್ಕಷ್ಟೇ, ಗ್ರಾಹಕರಿಗಾದ್ರೂ ಬಿಲ್ ಇಳಿಯುತ್ತೆ. ಹೋಟ್ಲಿನವರ ತಕರಾರು ಬೇರೆ ಕಡೆ ಇದೆ. ಬಾಡಿಗೆ, ಗ್ಯಾಸ್, ಅಡುಗೆಮನೆ ಮಿಶಿನ್ನು, ಆ್ಯಪ್ ಕಮಿಷನ್ನು, ಇವೆಲ್ಲದರ ಮೇಲೂ 18% ಇದೆ, ಅದು ಪೂರ್ತಿ ಖರ್ಚಾಗಿ ದೋಸೆ ಬೆಲೆಯೊಳಗೆ ಸೇರ್ಕೊಳುತ್ತೆ, ಹಂಗಾಗಿ ಗ್ರಾಹಕರು ಕೊಡೋ ತೆರಿಗೆ 5% ಅಂತ ಬಿಲ್‌ನಲ್ಲಿ ಕಂಡ್ರೂ ನಿಜವಾಗಿ ಜಾಸ್ತಿನೇ. ಹೊಸದಾಗಿ ಹೋಟ್ಲು ಹಾಕೋರಿಗೆ ಈ ಹೊರೆ ಮೊದಲ ವರ್ಷವೇ ಬೀಳುತ್ತೆ. ನನಗೆ ಹೋಟ್ಲಿನವರ ಈ ವಾದ ಸರಿ ಅನ್ಸುತ್ತೆ, ಅದರಲ್ಲೂ ಬಾಡಿಗೆ ಮೇಲಿನ ರಿವರ್ಸ್ ಚಾರ್ಜ್ ವಿಷ್ಯದಲ್ಲಿ, ಯಾಕಂದ್ರೆ ಆ ನಿಯಮನೇ ಕ್ರೆಡಿಟ್ ಸಿಗುತ್ತೆ ಅನ್ನೋ ಲೆಕ್ಕದ ಮೇಲೆ ನಿಂತಿದೆ, ಕ್ರೆಡಿಟ್ ಇಲ್ಲದೋರ ಮೇಲೆ ಅದೇ ನಿಯಮ ಹೇರಿದ್ರೆ ಅದು ಬರೀ ಹೆಚ್ಚುವರಿ ತೆರಿಗೆ.

ಹಂಗಾದ್ರೆ 18% ಹಾಕಿ ಕ್ರೆಡಿಟ್ ತಗೊಳ್ಳೋ ಆಯ್ಕೆ ಇಲ್ವಾ? ಅದಿರೋದು ವಸತಿ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟಿಗೆ, ಅದೂ ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ರೂಮಿದ್ರೆ ಅಥವಾ ಆ ವಸತಿ ಹೋಟೆಲ್ ತಾನಾಗೇ ಘೋಷಣೆ ಮಾಡ್ಕೊಂಡಿದ್ರೆ. ಒಂಟಿಯಾಗಿ ನಡೆಯೋ ಹೋಟ್ಲು ತಾನಾಗೇ ಘೋಷಣೆ ಮಾಡ್ಕೊಂಡು ಅದರೊಳಗೆ ಹೋಗೋಕಾಗಲ್ಲ ಅಂತ 2025ರ ಸೆಪ್ಟೆಂಬರ್ ಬದಲಾವಣೆ ಜೊತೆಗೇ ಸ್ಪಷ್ಟ ಮಾಡಿದ್ದಾರೆ.

ಮತ್ತೆ ಆ ಖರೀದಿ ಬಿಲ್ ಯಾಕೆ?

ಕ್ರೆಡಿಟ್ ಇಲ್ಲ ಅಂದ ತಕ್ಷಣ ಬಿಲ್ ಬೇಡ, ಬಿಲ್ ಇಲ್ಲದೇ ಕೊಟ್ರೆ ಇನ್ನೂ ಕಡಿಮೆಗೆ ಸಿಗುತ್ತೆ ಅಂತ ಹೋಗೋರಿದ್ದಾರೆ. ಆಗ ಏನಾಗುತ್ತೆ ಅಂದ್ರೆ ಖರ್ಚಿಗೆ ಆಧಾರ ಹೋಗುತ್ತೆ. ಮೇಲಿನ ಫ್ರಿಜ್‌ನಲ್ಲಿ 10,800 ಕ್ರೆಡಿಟ್ ಸಿಗಲಿಲ್ಲ ನಿಜ, ಆದ್ರೆ ಇನ್‌ಕಂ ಟ್ಯಾಕ್ಸ್‌ಗೆ ಪುಸ್ತಕ ಬರೆದು ಲೆಕ್ಕ ತೋರಿಸೋರು ಆ ಫ್ರಿಜ್ ಬೆಲೆ 60,000 ಅಲ್ಲ, 70,800 ಅಂತ ಹಿಡಿದು ಸವಕಳಿ ತಗೋಬಹುದು. ಗ್ಯಾಸ್ ಮೇಲಿನ 16,200ನೂ ಖರ್ಚೇ. ಬಿಲ್ ಇದ್ರೆ ಮಾತ್ರ.

ಖರೀದಿಗೂ ಮಾರಾಟಕ್ಕೂ ಹೊಂದಾಣಿಕೆ ನೋಡೋದೂ ಇದೆ. GSTR-2Bಯಲ್ಲಿ ನಿಮ್ಮ ಹೆಸರಿಗೆ ಬಿದ್ದಿರೋ ಗ್ಯಾಸು, ಎಣ್ಣೆ ಎಷ್ಟು ಅಂತ ಇಲಾಖೆಗೆ ಕಾಣ್ತಿರುತ್ತೆ. ತಿಂಗಳಿಗೊಮ್ಮೆ ಅದನ್ನ ಇಳಿಸಿ ಕೈಯಲ್ಲಿರೋ ಬಿಲ್ ಜೊತೆ ಟಿಕ್ ಹಾಕ್ಕೊಂಡು ಹೋಗಿ. ಬಿಲ್ ಇದ್ದು ಅಲ್ಲಿ ಇಲ್ಲ ಅಂದ್ರೆ ಡೀಲರ್ ರಿಟರ್ನ್ ಹಾಕಿಲ್ಲ, ಕ್ರೆಡಿಟ್ ಬೇಡದ ನಿಮಗೆ ಅದರಿಂದ ನಷ್ಟ ಇಲ್ಲ. ಅಲ್ಲಿ ಇದ್ದು ಬಿಲ್ ಇಲ್ಲ ಅಂದ್ರೆ ಹುಷಾರಾಗ್ಬೇಕು, ಯಾರೋ ನಿಮ್ಮ ನಂಬರಿಗೆ ತಮ್ಮ ಮಾರಾಟ ಹಾಕಿರ್ಬಹುದು, ಅಷ್ಟು ಎಣ್ಣೆ ತಗೊಂಡಿದ್ದೀರಿ, ಮಾರಾಟ ಯಾಕೆ ಕಡಿಮೆ ಅನ್ನೋ ಪ್ರಶ್ನೆ ನಿಮಗೆ ಬರುತ್ತೆ. ಡೀಲರ್‌ಗೆ ವಾಟ್ಸಾಪ್‌ನಲ್ಲಾದ್ರೂ ಬರೆದು ತೆಗೆಸೋದು ಒಳ್ಳೇದು.

ಇದನ್ನೆಲ್ಲ ವಾರ್ಷಿಕ ರಿಟರ್ನ್ ಕೊನೇ ದಿನದಿಂದ 72 ತಿಂಗಳು ಇಟ್ಕೋಬೇಕು ಅಂತ ಕಾಯ್ದೆ ಹೇಳುತ್ತೆ. 2025-26ರ ರೆಗ್ಯುಲರ್ ವಾರ್ಷಿಕ ರಿಟರ್ನಿಗೆ 2026ರ ಡಿಸೆಂಬರ್ 31 ಕೊನೇ ದಿನ, ಅಂದ್ರೆ ಆ ವರ್ಷದ ಬಿಲ್ಲು, ಪುಸ್ತಕ 2032ರ ಡಿಸೆಂಬರ್ ಕೊನೆವರೆಗೂ ಇರ್ಬೇಕು. ಬಿಲ್ಲಿಂಗ್ ಮಿಶಿನ್ ಮತ್ತು ಸೂಪರ್‌ಮಾರ್ಕೆಟ್ ಕೊಡೋ ಆ ನುಣುಪು ಕಾಗದದ ಬಿಲ್ಲು ಅಡುಗೆಮನೆ ಬಿಸಿಗೆ ಕೆಲವೇ ತಿಂಗಳಲ್ಲಿ ಬೆಳ್ಳಗಾಗಿ ಹೋಗುತ್ತೆ, ಹಂಗಾಗಿ ಬಂದ ದಿನವೇ ಫೋನಲ್ಲಿ ಒಂದು ಫೋಟೋ ಹೊಡೆದು ತಿಂಗಳ ಹೆಸರಿನ ಫೋಲ್ಡರ್‌ಗೆ ಹಾಕ್ಬಿಡಿ.